ಎಲ್ಲ ಟಿಕೆಟ್ಟೂ ಕೊಂಡುಬಿಟ್ಟರೆ?

ಲಾಟರಿಯ ಮಾತು ಬಂದಾಗಲೆಲ್ಲ ಮನೆಯ ಮಕ್ಕಳಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ ಇದು: 'ಇರುವ ಟಿಕೆಟ್ಟುಗಳನ್ನೆಲ್ಲ ನಾವೇ ಕೊಂಡುಬಿಟ್ಟರೆ ಬಹುಮಾನ ನಮಗೇ ಬರಬೇಕಲ್ಲ?' ದೊಡ್ಡವರು ನಕ್ಕು ಸುಮ್ಮನಾಗುತ್ತಾರೆ. ಆದರೆ ಪ್ರಶ್ನೆ ನಗುವಂಥದ್ದಲ್ಲ. ಐರ್ಲೆಂಡಿನಲ್ಲಿ 1992ರಲ್ಲಿ 28 ಜನರ ಒಂದು ಕೂಟ ಇದೇ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡಿತು. ಲೆಕ್ಕ ಹಾಕಿತು, ಹಣ ಕೂಡಿಸಿತು, ಆರು ತಿಂಗಳು ತಯಾರಿ ನಡೆಸಿತು, ಕೊನೆಗೆ ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತೂಬಿಟ್ಟಿತು. ಅವರ ಲೆಕ್ಕ ಎಲ್ಲಿ ಸರಿಯಾಗಿತ್ತು, ಎಲ್ಲಿ ಎಡವಿತು, ಕೊನೆಗೆ ಅವರನ್ನು ಕಾಪಾಡಿದ್ದು ಯಾವುದು ಎಂಬುದು ಪಿಯುಸಿ ಗಣಿತ ಓದಿದವರೆಲ್ಲರೂ ಬಿಡಿಸಿ ನೋಡಬಹುದಾದ ಸಂಗತಿ.

ಮೊದಲು ಒಂದು ವ್ಯತ್ಯಾಸ ತಿಳಿದಿರಬೇಕು. ಕರ್ನಾಟಕದಲ್ಲಿ 2007ರಲ್ಲಿ ನಿಷೇಧವಾಗುವ ತನಕ ಬಸ್ ನಿಲ್ದಾಣಗಳಲ್ಲಿ ಮಾರಾಟವಾಗುತ್ತಿದ್ದ ಕಾಗದದ ಲಾಟರಿ ಟಿಕೆಟ್ಟುಗಳನ್ನು ತಂದೆತಾಯಂದಿರು ಮರೆತಿರಲಾರರು. ಅಂಥ ಟಿಕೆಟ್ಟಿನ ಮೇಲೆ ಸಂಖ್ಯೆ ಮೊದಲೇ ಅಚ್ಚಾಗಿರುತ್ತದೆ. ಒಂದು ಸಂಖ್ಯೆಯ ಟಿಕೆಟ್ಟು ಒಬ್ಬರ ಕೈಯಲ್ಲಿದ್ದರೆ ಅದು ಮತ್ತೊಬ್ಬರ ಕೈಯಲ್ಲಿ ಇರಲಾರದು. ಐರ್ಲೆಂಡಿನ 'ಲೊಟ್ಟೊ' ಆ ಜಾತಿಯದಲ್ಲ. 1988ರಲ್ಲಿ ಅದು ಶುರುವಾದಾಗ ನಿಯಮ ಹೀಗಿತ್ತು: 1ರಿಂದ 36ರವರೆಗಿನ ಸಂಖ್ಯೆಗಳಲ್ಲಿ ಯಾವುದಾದರೂ ಆರನ್ನು ಕೊಳ್ಳುವವರೇ ಆರಿಸಿ ಗುರುತು ಹಾಕಬೇಕು. ಡ್ರಾ ದಿನ 36 ಚೆಂಡುಗಳಿಂದ ಆರು ಚೆಂಡು ಹೊರಬರುತ್ತವೆ. ಆರಕ್ಕೆ ಆರೂ ಕೂಡಿಬಂದರೆ ಮೊದಲ ಬಹುಮಾನ, ಅಂದರೆ ಜಾಕ್‌ಪಾಟ್. ಐದು ಅಥವಾ ನಾಲ್ಕು ಕೂಡಿಬಂದರೆ ಚಿಕ್ಕ ಬಹುಮಾನ. ಒಂದೇ ಆರು ಸಂಖ್ಯೆಗಳನ್ನು ಇಬ್ಬರು, ಮೂವರು, ನೂರು ಜನ ಬೇಕಾದರೂ ಆರಿಸಬಹುದು. ಆಗ ಜಾಕ್‌ಪಾಟ್ ಅವರೆಲ್ಲರ ನಡುವೆ ಪಾಲಾಗುತ್ತದೆ. ಈ ಕೊನೆಯ ನಿಯಮ ಓದುವಾಗ ಚಿಕ್ಕದಾಗಿ ಕಾಣುತ್ತದೆ. ಮುಂದೆ ತೊಂದರೆ ಕೊಟ್ಟದ್ದು ಅದೇ.

ಹಾಗಾದರೆ ಒಟ್ಟು ಎಷ್ಟು ಬಗೆಯ ಟಿಕೆಟ್ಟುಗಳು ಸಾಧ್ಯ? ಮೊದಲು ಒಂದು ಮರಿ ಲಾಟರಿಯನ್ನು ಕಲ್ಪಿಸಿಕೊಳ್ಳಿ. 1ರಿಂದ 6ರವರೆಗಿನ ಸಂಖ್ಯೆಗಳಲ್ಲಿ ಎರಡನ್ನು ಆರಿಸಬೇಕು ಎನ್ನೋಣ. ಮೊದಲನೆಯದನ್ನು ಆರು ರೀತಿಯಲ್ಲಿ, ಎರಡನೆಯದನ್ನು ಉಳಿದ ಐದು ರೀತಿಯಲ್ಲಿ ಆರಿಸಬಹುದು. ಗುಣಿಸಿದರೆ 30. ಆದರೆ '2 ಮತ್ತು 5' ಎಂಬುದೂ '5 ಮತ್ತು 2' ಎಂಬುದೂ ಒಂದೇ ಟಿಕೆಟ್ಟು. ಪ್ರತಿ ಜೋಡಿಯೂ ಎರಡೆರಡು ಸಲ ಎಣಿಕೆಯಾಗಿದೆ. ಆದ್ದರಿಂದ 30ನ್ನು 2ರಿಂದ ಭಾಗಿಸಿ 15 ಎನ್ನಬೇಕು. ಪುಸ್ತಕದಲ್ಲಿ ವಿಕಲ್ಪ ಎಂದು ಕರೆಯುವುದು ಇದನ್ನೇ.

ಲೊಟ್ಟೊದಲ್ಲಿಯೂ ಇದೇ ದಾರಿ. 36, 35, 34, 33, 32, 31 ಈ ಆರನ್ನೂ ಗುಣಿಸಿದರೆ 140,24,10,240 ಬರುತ್ತದೆ. ಆರು ಸಂಖ್ಯೆಗಳನ್ನು ಒಂದರ ಮುಂದೊಂದು ಇಡಲು 720 ಕ್ರಮಗಳಿವೆ. ಯಾವ ಚೆಂಡು ಮೊದಲು ಬಿತ್ತು ಎಂಬುದು ಇಲ್ಲಿ ಮುಖ್ಯವಲ್ಲವಾದ್ದರಿಂದ 720ರಿಂದ ಭಾಗಿಸಬೇಕು. ಉತ್ತರ 19,47,792. ಅಂದರೆ ಇಪ್ಪತ್ತು ಲಕ್ಷಕ್ಕೆ ಸ್ವಲ್ಪ ಕಡಿಮೆ. ಲಾಟರಿಗಳ ಲೋಕದಲ್ಲಿ ಇದು ಪುಟ್ಟ ಸಂಖ್ಯೆ.

ಒಂದು ಸಾಲು, ಅಂದರೆ ಆರು ಸಂಖ್ಯೆಗಳ ಒಂದು ಆಯ್ಕೆ, 50 ಪೆನ್ಸ್‌ಗೆ ಸಿಗುತ್ತಿತ್ತು. ಯೂರೊ ಬರುವುದಕ್ಕೆ ಮುಂಚಿನ ಐರಿಷ್ ಪೌಂಡಿನ ಕಾಲ ಅದು. 50 ಪೆನ್ಸ್ ಎಂದರೆ ಅರ್ಧ ಪೌಂಡ್. ಎಲ್ಲ ಸಾಲುಗಳನ್ನೂ ಒಂದೊಂದು ಸಲ ಕೊಳ್ಳಲು ತಗಲುವ ಹಣ 9,73,896 ಪೌಂಡ್. ಸಾಮಾನ್ಯ ವಾರಗಳಲ್ಲಿ ಜಾಕ್‌ಪಾಟ್ ಇಷ್ಟು ದೊಡ್ಡದಾಗಿರುತ್ತಿರಲಿಲ್ಲ. ಆದರೆ ಯಾರಿಗೂ ಬಾರದ ಜಾಕ್‌ಪಾಟ್ ಹಣ ಮುಂದಿನ ಡ್ರಾಗೆ ಸೇರಿಕೊಳ್ಳುತ್ತಿತ್ತು. ಹೀಗೆ ಸೇರುತ್ತ ಹೋಗಿ ಅದು ಕೆಲವೊಮ್ಮೆ ಹತ್ತು ಲಕ್ಷ ಪೌಂಡನ್ನು ದಾಟುವುದು ಸಾಧ್ಯವಿತ್ತು. ಡಬ್ಲಿನ್‌ನಲ್ಲಿದ್ದ ಪೋಲೆಂಡ್ ಮೂಲದ ಉದ್ಯಮಿ ಸ್ಟೆಫಾನ್ ಕ್ಲಿನ್ಸೆವಿಚ್ ಎಂಬವರ ಕಣ್ಣಿಗೆ ಬಿದ್ದದ್ದು ಇದೇ. ಅವರ ನೇತೃತ್ವದಲ್ಲಿ 28 ಮಂದಿಯ ಕೂಟವೊಂದು ಹಣ ಸಿದ್ಧ ಮಾಡಿಕೊಂಡು ಕಾದು ಕುಳಿತಿತು. 1992ರ ಮೇ ತಿಂಗಳ ಕೊನೆಯಲ್ಲಿ, ರಜೆ ಕೂಡಿದ ಒಂದು ವಾರಾಂತ್ಯದಲ್ಲಿ, ಜಾಕ್‌ಪಾಟ್ ಸುಮಾರು 17 ಲಕ್ಷ ಪೌಂಡಿಗೆ ಮುಟ್ಟಿತು.

ಇಲ್ಲಿಯವರೆಗಿನ ಲೆಕ್ಕ ಮಗುವಿನ ಪ್ರಶ್ನೆಯಷ್ಟೇ ಸರಳ. 17 ಲಕ್ಷದಲ್ಲಿ 9 ಲಕ್ಷ 74 ಸಾವಿರ ಕಳೆದರೆ ಏಳು ಲಕ್ಷದ ಮೇಲೆ ಲಾಭ. ಸೋಲುವ ಮಾತೇ ಇಲ್ಲ, ಏಕೆಂದರೆ ಯಾವ ಆರು ಚೆಂಡು ಬಿದ್ದರೂ ಅದರ ಟಿಕೆಟ್ಟು ಕೈಯಲ್ಲೇ ಇರುತ್ತದೆ.

ಆದರೆ 'ಎಲ್ಲವನ್ನೂ ಕೊಳ್ಳುವುದು' ಎಂದು ಬಾಯಲ್ಲಿ ಹೇಳಿದಷ್ಟು ಸುಲಭವಾಗಿ ಕೈಯಲ್ಲಿ ಆಗುವುದಿಲ್ಲ. ಅಂಗಡಿಗೆ ಹೋಗಿ 'ಎಲ್ಲ ಕೊಡಿ' ಎಂದರೆ ಕೊಡುವ ವ್ಯವಸ್ಥೆ ಇರಲಿಲ್ಲ. ಕಾಗದದ ಚೀಟಿಯಲ್ಲಿ ಸಂಖ್ಯೆಗಳಿಗೆ ಗುರುತು ಹಾಕಬೇಕು. ಅಂಗಡಿಯವರು ಆ ಚೀಟಿಯನ್ನು ಯಂತ್ರಕ್ಕೆ ಹಾಕಬೇಕು. ಯಂತ್ರ ಅದನ್ನು ಓದಿ ಟಿಕೆಟ್ಟು ಮುದ್ರಿಸಬೇಕು. ಒಂದು ಚೀಟಿಗೆ ಎಂಟು ಸಾಲು ಎಂದು ಹಿಡಿದರೂ 2,43,474 ಚೀಟಿಗಳು ಬೇಕು. ಕ್ಲಿನ್ಸೆವಿಚ್ ಕೂಟ ನಿಜವಾಗಿಯೂ ಎರಡೂವರೆ ಲಕ್ಷಕ್ಕೆ ಹತ್ತಿರದಷ್ಟು ಚೀಟಿಗಳಿಗೆ ಮುಂಚಿತವಾಗಿ ಗುರುತು ಹಾಕಿಟ್ಟುಕೊಂಡಿತ್ತು. ತಯಾರಿಗೆ ಆರು ತಿಂಗಳು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಈ ಕೆಲಸದಲ್ಲಿ ಒಂದು ಸೂಕ್ಷ್ಮವೂ ಇದೆ. ಬೇಸರದಲ್ಲಿ ಒಂದು ಗುರುತು ಪಕ್ಕದ ಮನೆಗೆ ಬಿತ್ತೆಂದರೆ ತಪ್ಪು ಒಂದಲ್ಲ, ಎರಡು: ಬೇಕಾದ ಸಾಲು ಇಲ್ಲವಾಯಿತು, ಬೇರೆ ಚೀಟಿಯಲ್ಲಿ ಈಗಾಗಲೇ ಇರುವ ಸಾಲಿಗೆ ಎರಡನೆಯ ಸಲ ದುಡ್ಡು ಕೊಟ್ಟಂತಾಯಿತು.

ಈಗ ಸಮಯ. ಚೀಟಿ ಹಾಕಿ, ಟಿಕೆಟ್ಟು ಮುದ್ರಣವಾಗಿ ಹೊರಬರಲು 15 ಸೆಕೆಂಡು ಎಂದು ಊಹಿಸಿಕೊಳ್ಳಿ. ಎಲ್ಲ ಚೀಟಿಗಳಿಗೆ 36,52,110 ಸೆಕೆಂಡು, ಅಂದರೆ ಸಾವಿರ ಗಂಟೆಗೂ ಮೀರಿ ಬೇಕು. ಒಂದೇ ಯಂತ್ರವಾದರೆ ದಿನಕ್ಕೆ ಹನ್ನೆರಡು ಗಂಟೆಯಂತೆ ನಡೆಸಿದರೂ ಸುಮಾರು 85 ದಿನ ಹಿಡಿಯುತ್ತದೆ. ಜಾಕ್‌ಪಾಟ್ ಸಾಕಷ್ಟು ಬೆಳೆದಿದೆ ಎಂದು ಖಚಿತವಾಗುವುದು ಹಿಂದಿನ ಡ್ರಾ ಮುಗಿದ ಮೇಲೆ. ಅಲ್ಲಿಂದ ಮುಂದಿನ ಡ್ರಾಗೆ ಉಳಿಯುವುದು ಕೆಲವೇ ದಿನ. ಮೂರು ದಿನ ಸಿಕ್ಕಿತೆಂದು ಇಟ್ಟುಕೊಂಡರೆ, 28ಕ್ಕೂ ಹೆಚ್ಚು ಯಂತ್ರಗಳು ಒಂದು ನಿಮಿಷವೂ ನಿಲ್ಲದೆ ಈ ಕೂಟಕ್ಕಾಗಿಯೇ ದುಡಿಯಬೇಕು. ಕಾಗದದ ಸುರುಳಿ ಮುಗಿಯುವುದು, ಯಂತ್ರ ಸಿಕ್ಕಿಕೊಳ್ಳುವುದು, ಹಿಂದೆ ಹಾಲು ಬ್ರೆಡ್ಡು ಕೊಳ್ಳಲು ನಿಂತವರು ಗೊಣಗುವುದು, ಇವೆಲ್ಲ ಲೆಕ್ಕದಲ್ಲಿ ಇಲ್ಲ. ಹಣವಿದ್ದವರಿಗೂ ಸಾಲದೆ ಹೋಗುವುದು ಯಂತ್ರದ ಹೊತ್ತು.

ಇದೇ ಸಂಕಟ ಅದಕ್ಕೆ ಮೂರು ತಿಂಗಳು ಮೊದಲು, 1992ರ ಫೆಬ್ರವರಿಯಲ್ಲಿ, ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿಯೂ ಆಗಿತ್ತು. ಅಲ್ಲಿ 44ರಲ್ಲಿ ಆರು. ಒಟ್ಟು 70,59,052 ಆಯ್ಕೆಗಳು, ಒಂದೊಂದಕ್ಕೆ ಒಂದು ಡಾಲರ್. ಜಾಕ್‌ಪಾಟ್ 2 ಕೋಟಿ 70 ಲಕ್ಷ ಡಾಲರ್. ಆಸ್ಟ್ರೇಲಿಯಾದಿಂದ ಕೆಲಸ ನಡೆಸುತ್ತಿದ್ದ, ರುಮೇನಿಯಾ ಮೂಲದ ಸ್ಟೆಫಾನ್ ಮ್ಯಾಂಡೆಲ್ ಅವರ ಕೂಟ (ಇಬ್ಬರ ಹೆಸರೂ ಸ್ಟೆಫಾನ್ ಆದದ್ದು ಕಾಕತಾಳೀಯ) ಎಲ್ಲವನ್ನೂ ಕೊಳ್ಳಲು ಹೊರಟು, ಹೊತ್ತು ಸಾಲದೆ ಸುಮಾರು 50 ಲಕ್ಷಕ್ಕೆ ನಿಂತಿತು. ಅದೃಷ್ಟಕ್ಕೆ ಗೆದ್ದ ಟಿಕೆಟ್ಟು ಆ 50 ಲಕ್ಷದೊಳಗೇ ಇತ್ತು. ಆಗಲೂ ಕಷ್ಟ ಮುಗಿಯಲಿಲ್ಲ. ಟಿಕೆಟ್ಟು ಮುದ್ರಣವಾದ ಅಂಗಡಿಯಲ್ಲಿಯೇ ಹಣ ಕೊಡಬೇಕೆಂಬ ನಿಯಮವಿದ್ದು, ಇವರು ಅಂಗಡಿ ಸರಣಿಯ ಮುಖ್ಯ ಕಚೇರಿಯಲ್ಲಿ ಹಣ ಕಟ್ಟಿದ್ದರು ಎಂಬ ತಕರಾರು ಎದ್ದಿತು. ಕೊನೆಗೆ ಬಹುಮಾನವನ್ನೇನೋ ಕೊಟ್ಟರು. ಆದರೆ ಅದು ಒಟ್ಟಿಗೆ ಬರುವ ಹಣವಾಗಿರಲಿಲ್ಲ. ಇಪ್ಪತ್ತು ವಾರ್ಷಿಕ ಕಂತುಗಳಲ್ಲಿ, ವರ್ಷಕ್ಕೆ ಹದಿಮೂರೂವರೆ ಲಕ್ಷ ಡಾಲರಿನಂತೆ ಬರುವ ಹಣ. ಟಿಕೆಟ್ಟಿಗೆ ಕೊಟ್ಟದ್ದು ಕೈಯಿಂದ ಒಮ್ಮೆಗೇ ಹೋದ ನಗದು, ಬಹುಮಾನವಾದರೋ ಇಪ್ಪತ್ತು ವರ್ಷದ ಕಂತು. ಜಾಹೀರಾತಿನಲ್ಲಿ ಕಾಣುವ ಮೊತ್ತವನ್ನು ಕೈಗೆ ಬರುವ ಮೊತ್ತವೆಂದು ತಿಳಿದು ಕಳೆಯುವ ಲೆಕ್ಕ ಮಾಡಬಾರದು.

ಮತ್ತೆ ಐರ್ಲೆಂಡಿಗೆ ಬರೋಣ. ಅಲ್ಲಿನ ನ್ಯಾಷನಲ್ ಲಾಟರಿಯವರಿಗೆ ಏನೋ ನಡೆಯುತ್ತಿದೆ ಎಂಬುದು ಬೇಗನೆ ತಿಳಿಯಿತು. ಒಂದೊಂದು ಯಂತ್ರದಿಂದ ಇಷ್ಟೇ ಟಿಕೆಟ್ಟು ಮಾರಬೇಕೆಂದು ಅವರು ಮಿತಿ ಹಾಕಿದರು. ಕೂಟದವರು ಹೆಚ್ಚಾಗಿ ಬಳಸುತ್ತಿದ್ದ ಯಂತ್ರಗಳನ್ನು ಆರಿಸಿಯೇಬಿಟ್ಟರು. ಎಲ್ಲ ಸಂಖ್ಯೆಗಳನ್ನೂ ಕೊಳ್ಳುವುದು ಅಪರಾಧವಾಗಿರಲಿಲ್ಲ. ಆದರೆ ಯಂತ್ರದ ಗುಂಡಿ ಲಾಟರಿಯವರ ಕೈಯಲ್ಲಿತ್ತು. ಡ್ರಾ ಹೊತ್ತಿಗೆ ಕೂಟ ಕೊಂಡದ್ದು ಸುಮಾರು 8 ಲಕ್ಷ 20 ಸಾವಿರ ಪೌಂಡಿನ ಟಿಕೆಟ್ಟುಗಳನ್ನು. ಅರ್ಧ ಪೌಂಡಿಗೆ ಒಂದರಂತೆ ಅದು ಸುಮಾರು 16 ಲಕ್ಷ 40 ಸಾವಿರ ಸಾಲುಗಳಾಯಿತು, ಅಂದರೆ ಒಟ್ಟಿನಲ್ಲಿ ನೂರಕ್ಕೆ 84.

84 ಎಂದರೆ ಒಳ್ಳೆಯ ಅಂಕವೇ ಅನ್ನಿಸಬಹುದು, ಪರೀಕ್ಷೆಯಲ್ಲಿ ಬಂದಿದ್ದರೆ ಮನೆಯಲ್ಲಿ ಸಿಹಿ ಹಂಚುತ್ತಿದ್ದರು. ಇಲ್ಲಿ ಹಾಗಲ್ಲ. ಉಳಿದ 16ರ ಅರ್ಥ ಏನೆಂದು ನೋಡಿ. ಗೆಲ್ಲುವ ಆರು ಸಂಖ್ಯೆಗಳು ಕೊಳ್ಳದೆ ಉಳಿದ ಸಾಲುಗಳಲ್ಲಿ ಬೀಳುವ ಸಂಭವನೀಯತೆ ನೂರಕ್ಕೆ 16, ಹೆಚ್ಚುಕಡಿಮೆ ಆರರಲ್ಲಿ ಒಂದು. ಅಂದರೆ ದಾಳ ಉರುಳಿಸಿ ಒಂದು ನಿರ್ದಿಷ್ಟ ಮುಖ ಬಿದ್ದರೆ ಜಾಕ್‌ಪಾಟೇ ಇಲ್ಲ ಎಂದಂತೆ. ಸೋಲೇ ಇಲ್ಲದ ವ್ಯವಹಾರವೆಂದು ಹೊರಟದ್ದು ಹೀಗೆ ನೋಡನೋಡುತ್ತಲೇ ಜೂಜಾಗಿ ಬದಲಾಯಿತು, ಅದೂ ಎಂಟು ಲಕ್ಷ ಪೌಂಡ್ ಖರ್ಚಾದ ಮೇಲೆ. ಮಧ್ಯದಲ್ಲಿ ನಿಲ್ಲಿಸಿದರೆ ಕೊಂಡ ಟಿಕೆಟ್ಟುಗಳನ್ನು ಹಿಂದಕ್ಕೆ ಕೊಡುವಂತೆಯೂ ಇಲ್ಲ.

ಡ್ರಾ ಆಯಿತು. ಗೆದ್ದ ಆರು ಸಂಖ್ಯೆಗಳ ಟಿಕೆಟ್ಟು ಕೂಟದ ಬಳಿ ಇತ್ತು. ದಾಳ ಅವರ ಕಡೆಗೇ ಬಿದ್ದಿತ್ತು. ಆದರೆ ಅದೇ ಆರು ಸಂಖ್ಯೆಗಳನ್ನು ಆರಿಸಿದ್ದ ಇನ್ನೂ ಎರಡು ಟಿಕೆಟ್ಟುಗಳು ಹೊರಗಿದ್ದವು. 17 ಲಕ್ಷ ಮೂರು ಪಾಲಾಯಿತು. ಕೂಟದ ಪಾಲು 5,68,682 ಪೌಂಡ್. ಖರ್ಚು 8 ಲಕ್ಷ 20 ಸಾವಿರ, ಜಾಕ್‌ಪಾಟಿನ ಪಾಲು 5 ಲಕ್ಷ 69 ಸಾವಿರ. ಏಳು ಲಕ್ಷ ಲಾಭ ತೋರಿಸಿದ್ದ ಕಳೆಯುವ ಲೆಕ್ಕ ಈಗ ಎರಡೂವರೆ ಲಕ್ಷ ನಷ್ಟ ತೋರಿಸುತ್ತಿತ್ತು.

ಇನ್ನಿಬ್ಬರು ಪಾಲುಗಾರರು ಬಂದದ್ದು ಕೇವಲ ದುರದೃಷ್ಟವೇ? ಅಲ್ಲ. ಇದನ್ನು ಮುಂಚೆಯೇ ಲೆಕ್ಕ ಹಾಕಬಹುದು. ಊರಿನ ಉಳಿದ ಜನರೆಲ್ಲ ಸೇರಿ ಆ ವಾರ ಇನ್ನೂ 19,47,792 ಸಾಲುಗಳನ್ನು ಮನಸ್ಸಿಗೆ ಬಂದಂತೆ ಆರಿಸಿ ಕೊಂಡರು ಎಂದು ಒಂದು ಉದಾಹರಣೆಗೆ ಇಟ್ಟುಕೊಳ್ಳಿ. ಆಯ್ಕೆಗಳೂ ಅಷ್ಟೇ, ಕೊಂಡ ಸಾಲುಗಳೂ ಅಷ್ಟೇ. ಅವರಲ್ಲಿ ಒಬ್ಬರಿಗೂ ಗೆಲ್ಲುವ ಸಂಖ್ಯೆಗಳು ಸಿಗದೆ ಇರುವ ಸಂಭವನೀಯತೆ ಎಷ್ಟು? ಇದಕ್ಕೆ ದೊಡ್ಡ ಸಂಖ್ಯೆಗಳೇ ಬೇಕಿಲ್ಲ. ಆರು ಮುಖದ ದಾಳವನ್ನು ಆರು ಸಲ ಉರುಳಿಸಿ ಒಮ್ಮೆಯೂ 6 ಬೀಳದಿರುವುದು ಆರನೇ ಐದನ್ನು ಆರು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ 33ರಷ್ಟು. ನೂರು ಚೀಟಿಗಳಲ್ಲಿ ಒಂದನ್ನು ತೆಗೆದು ನೋಡಿ ಮತ್ತೆ ಹಾಕುವ ಆಟವನ್ನು ನೂರು ಸಲ ಆಡಿ, ಗುರುತಿನ ಚೀಟಿ ಒಮ್ಮೆಯೂ ಬಾರದಿರುವುದು ನೂರಕ್ಕೆ 36.6. ಸಂಖ್ಯೆ ಎಷ್ಟೇ ಬೆಳೆದರೂ ಇದು 36.8ರ ಹತ್ತಿರ ಹೋಗಿ ನಿಂತುಬಿಡುತ್ತದೆ. ಕ್ಯಾಲ್ಕುಲೇಟರ್ ಇರುವ ವಿದ್ಯಾರ್ಥಿಗಳು ಸಾವಿರಕ್ಕೂ ಹತ್ತು ಸಾವಿರಕ್ಕೂ ಮಾಡಿ ನೋಡಬಹುದು.

ಆದ್ದರಿಂದ ಜಾಕ್‌ಪಾಟ್ ಪೂರ್ತಿ ಕೂಟಕ್ಕೇ ಬರುವ ಸಂಭವ ನೂರಕ್ಕೆ 37 ಮಾತ್ರ. ಇನ್ನೊಬ್ಬ ಪಾಲುಗಾರ ಬರುವ ಸಂಭವವೂ ನೂರಕ್ಕೆ 37. ಇಬ್ಬರು ಬರುವುದು 18. ಮೂವರು ಅಥವಾ ಹೆಚ್ಚು ಬರುವುದು 8. ಒಂದೊಂದು ಸಂದರ್ಭದಲ್ಲಿಯೂ ಕೈಗೆ ಬರುವ ಪಾಲನ್ನು ಅದರ ಸಂಭವನೀಯತೆಯಿಂದ ಗುಣಿಸಿ ಕೂಡಿಸಿದರೆ 17 ಲಕ್ಷದ ಜಾಕ್‌ಪಾಟಿನ ಸರಾಸರಿ ಬೆಲೆ ಸುಮಾರು 10 ಲಕ್ಷ 78 ಸಾವಿರಕ್ಕೆ ಇಳಿಯುತ್ತದೆ. ಎಲ್ಲ ಸಾಲುಗಳನ್ನೂ ಕೊಳ್ಳುವ ಖರ್ಚು 9 ಲಕ್ಷ 74 ಸಾವಿರವೆಂದು ನೆನಪಿಸಿಕೊಳ್ಳಿ. ಏಳು ಲಕ್ಷದ ಲಾಭ ಒಂದು ಲಕ್ಷಕ್ಕೆ ಬಂದು ನಿಂತಿತು. ಉಳಿದ ಜನ ಇದರ ಎರಡರಷ್ಟು ಸಾಲುಗಳನ್ನು ಕೊಂಡಿದ್ದರೆ ಆ ಸರಾಸರಿ 7 ಲಕ್ಷ 38 ಸಾವಿರಕ್ಕೆ ಕುಸಿಯುತ್ತದೆ, ಆಗ ಲಾಭದ ಮಾತೇ ಇಲ್ಲ. ಜಾಕ್‌ಪಾಟ್ ಬೆಳೆದಷ್ಟೂ ಪತ್ರಿಕೆಗಳಲ್ಲಿ ಸುದ್ದಿಯಾಗಿ ಜನ ಹೆಚ್ಚು ಟಿಕೆಟ್ಟು ಕೊಳ್ಳುತ್ತಾರೆ. ಎಲ್ಲವನ್ನೂ ಕೊಳ್ಳುವುದಕ್ಕೆ ಯಾವ ವಾರ ಚೆನ್ನಾಗಿ ಕಾಣುತ್ತದೋ ಅದೇ ವಾರ ಪಾಲುಗಾರರೂ ಹೆಚ್ಚು.

ಇನ್ನೂ ಒಂದು ತೊಡಕಿದೆ. ಜನ ಸಂಖ್ಯೆಗಳನ್ನು ಚೆಂಡಿನ ಹಾಗೆ ಕುರುಡಾಗಿ ಆರಿಸುವುದಿಲ್ಲ. ಹುಟ್ಟಿದ ದಿನ, ಮದುವೆಯ ದಿನ, ಚೀಟಿಯ ಮೇಲೆ ಅಂದವಾಗಿ ಕಾಣುವ ಗೆರೆ ಎಂದು ಆರಿಸುತ್ತಾರೆ. ಆದ್ದರಿಂದ ಕೆಲವು ಸಾಲುಗಳಿಗೆ ಗಿರಾಕಿಗಳು ಹೆಚ್ಚು, ಕೆಲವಕ್ಕೆ ಯಾರೂ ಇಲ್ಲ. ಒಂದೇ ಟಿಕೆಟ್ಟು ಕೊಳ್ಳುವವರು ಜನ ಆರಿಸದ ಸಂಖ್ಯೆಗಳನ್ನು ಆರಿಸಿಕೊಳ್ಳಬಹುದು. ಎಲ್ಲವನ್ನೂ ಕೊಳ್ಳುವವರಿಗೆ ಆ ಸ್ವಾತಂತ್ರ್ಯವಿಲ್ಲ, ಜನಪ್ರಿಯ ಸಾಲುಗಳಿಗೂ ಅವರು ಪೂರ್ತಿ ಬೆಲೆ ತೆರಲೇಬೇಕು.

ಹಾಗಾದರೆ ಕ್ಲಿನ್ಸೆವಿಚ್ ಕೂಟ ದಿವಾಳಿಯಾಯಿತೆ? ಇಲ್ಲ. ಇಲ್ಲಿಯೇ ಈ ಪ್ರಕರಣದ ಸ್ವಾರಸ್ಯವಿರುವುದು. ಎಲ್ಲರ ಕಣ್ಣೂ ಜಾಕ್‌ಪಾಟಿನ ಮೇಲಿದ್ದರೂ ಕೂಟವನ್ನು ಬದುಕಿಸಿದ್ದು ನಾಲ್ಕು ಸಂಖ್ಯೆ ಕೂಡಿಬಂದವರಿಗೆ ಕೊಡುವ ಚಿಕ್ಕ ಬಹುಮಾನ. ಆ ರಜೆಯ ವಾರಾಂತ್ಯಕ್ಕೆಂದು ಲಾಟರಿಯವರು ಒಂದು ವಿಶೇಷ ಕೊಡುಗೆ ಸಾರಿದ್ದರು: ನಾಲ್ಕು ಸಂಖ್ಯೆ ಸರಿಯಾದರೆ ಖಚಿತವಾಗಿ 100 ಪೌಂಡ್. ಒಂದು ಟಿಕೆಟ್ಟು ಕೊಂಡವರಿಗೆ ಇದು ಚಿಕ್ಕ ಸಂತೋಷ. ಎಲ್ಲ ಟಿಕೆಟ್ಟೂ ಕೊಳ್ಳಹೊರಟವರಿಗೆ?

ಎಣಿಸಿ ನೋಡಿ. ಗೆದ್ದ ಆರು ಸಂಖ್ಯೆಗಳಲ್ಲಿ ನಾಲ್ಕನ್ನು 15 ರೀತಿಯಲ್ಲಿ ಆರಿಸಬಹುದು. ಉಳಿದೆರಡು ಸಂಖ್ಯೆಗಳು ಸೋತ 30 ಸಂಖ್ಯೆಗಳಿಂದ ಬರಬೇಕು. ಅದಕ್ಕೆ 435 ರೀತಿಗಳು. ಗುಣಿಸಿದರೆ 6,525. ಯಾವ ಚೆಂಡುಗಳೇ ಬೀಳಲಿ, ಇಷ್ಟು ಸಾಲುಗಳಲ್ಲಿ ನಾಲ್ಕು ಸಂಖ್ಯೆ ಕೂಡಿಬರುವುದು ಖಂಡಿತ. ಒಂದೊಂದಕ್ಕೆ 100 ಪೌಂಡಿನಂತೆ 6,52,500 ಪೌಂಡ್. ಅಂದರೆ ಎಲ್ಲವನ್ನೂ ಕೊಳ್ಳುವ ಖರ್ಚಿನಲ್ಲಿ ಮೂರನೇ ಎರಡು ಭಾಗ ಜಾಕ್‌ಪಾಟನ್ನು ಮುಟ್ಟದೆಯೇ ವಾಪಸು ಬರುತ್ತದೆ. ಈ ಮೊತ್ತ ನಿಗದಿಯಾದದ್ದರಿಂದ ಯಾರ ಜತೆಗೂ ಹಂಚಿಕೊಳ್ಳಬೇಕಾಗಿಯೂ ಇಲ್ಲ. ಐದು ಸಂಖ್ಯೆ ಕೂಡಿಬರುವ ಸಾಲುಗಳು ಇದರ ಮೇಲೆ 180. ಕೊಡುಗೆ ಪ್ರಕಟಿಸಿದವರು ಒಬ್ಬೊಬ್ಬ ಗಿರಾಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದ್ದಿರಬೇಕು.

ಕೂಟದ ಬಳಿ ಇದ್ದದ್ದು 84 ಭಾಗದ ಟಿಕೆಟ್ಟುಗಳು ಮಾತ್ರವಾದ್ದರಿಂದ ಈ ಚಿಕ್ಕ ಬಹುಮಾನಗಳಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಭಾಗ ಸಿಕ್ಕಿತು. ಎಲ್ಲ ಸೇರಿ ಅವರ ಕೈಗೆ ಬಂದದ್ದು ಸುಮಾರು 11 ಲಕ್ಷ 66 ಸಾವಿರ ಪೌಂಡ್. ಅದರಲ್ಲಿ ಜಾಕ್‌ಪಾಟಿನ ಪಾಲಾದ 5 ಲಕ್ಷ 69 ಸಾವಿರವನ್ನು ಕಳೆದರೆ ಚಿಕ್ಕ ಬಹುಮಾನಗಳಿಂದ ಬಂದದ್ದು ಸುಮಾರು 5 ಲಕ್ಷ 97 ಸಾವಿರ. ಜಾಕ್‌ಪಾಟಿಗಿಂತ ಚಿಲ್ಲರೆಯೇ ಹೆಚ್ಚಾಯಿತು!

ಈಗ ಆ ದಾಳದ ಮುಖವನ್ನು ಮತ್ತೆ ನೋಡಿ. ಗೆದ್ದ ಸಾಲು ಕೊಳ್ಳದೆ ಉಳಿದವುಗಳಲ್ಲಿ ಬಿದ್ದಿದ್ದರೆ ಕೂಟಕ್ಕೆ ಬರುತ್ತಿದ್ದುದು ಈ ಆರು ಲಕ್ಷದಷ್ಟು ಮಾತ್ರ. ನಷ್ಟ ಸುಮಾರು ಎರಡು ಲಕ್ಷ 23 ಸಾವಿರ. ಬಿದ್ದು, ಪಾಲುಗಾರರು ಯಾರೂ ಇಲ್ಲದಿದ್ದರೆ ಲಾಭ ಹದಿನಾಲ್ಕು ಲಕ್ಷ ಮೀರುತ್ತಿತ್ತು. ನಿಜವಾಗಿ ಆದದ್ದು ಇವೆರಡರ ನಡುವೆ: ಟಿಕೆಟ್ಟಿನ ಹಣ ಕಳೆದು ಮೂರು ಲಕ್ಷ ಪೌಂಡಿನ ಮೇಲೆ ಸ್ವಲ್ಪ, ಅದೂ ಓಡಾಟದ ಖರ್ಚು ಲೆಕ್ಕಕ್ಕೆ ಹಿಡಿಯುವ ಮುನ್ನ. ಆ ನೂರು ಪೌಂಡಿನ ಕೊಡುಗೆ ಇಲ್ಲದ ಸಾಧಾರಣ ವಾರದಲ್ಲಿ ಇದೇ ಮೂರು ಪಾಲು ಬಂದಿದ್ದರೆ ಏನಾಗುತ್ತಿತ್ತೆಂದು ಓದುಗರೇ ಊಹಿಸಬಹುದು.

ಮೂರು ಲಕ್ಷ ದೊಡ್ಡ ಮೊತ್ತವೇ. ಆದರೆ 28 ಜನರಿಗೆ ಸರಿಸಮವಾಗಿ ಹಂಚಿ ನೋಡಿ, ತಲೆಗೆ ಹನ್ನೊಂದು ಹನ್ನೆರಡು ಸಾವಿರ ಪೌಂಡ್. ಅದಕ್ಕಾಗಿ ಪ್ರತಿಯೊಬ್ಬರೂ ಸರಾಸರಿ 29 ಸಾವಿರ ಪೌಂಡನ್ನು ಪಣಕ್ಕಿಟ್ಟಂತಾಯಿತು. ಆರು ತಿಂಗಳ ತಯಾರಿ, ಲಾಟರಿಯವರೊಂದಿಗಿನ ಜಟಾಪಟಿ ಬೇರೆ. ಡ್ರಾ ಮುಗಿದ ಮೇಲೂ ಕೆಲಸ ಮುಗಿಯುವುದಿಲ್ಲ. ಮುದ್ರಿತ ಟಿಕೆಟ್ಟುಗಳ ಎರಡು ಲಕ್ಷದಷ್ಟಿದ್ದಿರಬಹುದಾದ ರಾಶಿಯಲ್ಲಿ ಹುದುಗಿರುವ ಐದು ಸಾವಿರಕ್ಕೂ ಹೆಚ್ಚಿನ ಗೆದ್ದ ಸಾಲುಗಳನ್ನು ಹುಡುಕಿ ತೆಗೆಯಬೇಕು. ಟಿಕೆಟ್ಟುಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ಇಟ್ಟುಕೊಳ್ಳದಿದ್ದರೆ, ಬಂದ ಬಹುಮಾನವೇ ಕಾಗದದ ಬಣವೆಯಲ್ಲಿ ಬಿದ್ದ ಸೂಜಿಯಾಗುತ್ತದೆ.

ಇಷ್ಟಾದರೂ ಕೂಟ ಗೆದ್ದಿತು. ಲಾಟರಿಯವರು ಅದನ್ನು ಮರೆಯಲಿಲ್ಲ. ಯಂತ್ರ ಆರಿಸುತ್ತ ಕೂರುವುದಕ್ಕಿಂತ ಸುಲಭದ ಉಪಾಯ ಅವರಿಗೆ ಗಣಿತದಲ್ಲೇ ಸಿಕ್ಕಿತು. ಅದೇ ವರ್ಷ ಲೊಟ್ಟೊದ ಚೆಂಡುಗಳನ್ನು 36ರಿಂದ 39ಕ್ಕೆ ಏರಿಸಿದರು. ಮೂರೇ ಚೆಂಡು ಹೆಚ್ಚಾದದ್ದು. ಆದರೆ ಆಯ್ಕೆಗಳು 19,47,792ರಿಂದ 32,62,623ಕ್ಕೆ ಹಾರಿದವು. ಅರ್ಧ ಪೌಂಡಿನ ಲೆಕ್ಕದಲ್ಲಿಯೇ ಎಲ್ಲ ಸಾಲು ಕೊಳ್ಳಲು 16 ಲಕ್ಷ ಪೌಂಡ್ ಮೀರುತ್ತದೆ, ಚೀಟಿಗಳು ನಾಲ್ಕು ಲಕ್ಷ ದಾಟುತ್ತವೆ, ಯಂತ್ರದ ಗಂಟೆಗಳೂ ಅದೇ ಪ್ರಮಾಣದಲ್ಲಿ ಏರುತ್ತವೆ. 1994ರಲ್ಲಿ ಮತ್ತೆ ಮೂರು ಚೆಂಡು ಸೇರಿ 42 ಆಯಿತು, ಆಯ್ಕೆಗಳು 52,45,786. 2015ರಲ್ಲಿ 47 ಚೆಂಡುಗಳಾದಾಗ ಆ ಸಂಖ್ಯೆ ಒಂದು ಕೋಟಿ ಏಳು ಲಕ್ಷವನ್ನೂ ದಾಟಿತು.